ಬ್ಯಾಂಕಿಗೆ ಬಂದು ಪಾರ್ಟಿ ಖಾತೆಗೆ ಸೇರದ ದುಡ್ಡು: ನಾನು ಹುಡುಕಿ ತೆಗೆದ ಬಗೆ

ದಾವಣಗೆರೆಯ ಒಂದು ಪಿವಿಸಿ ಪೈಪು, ಮೋಟಾರು ಹೋಲ್‌ಸೇಲ್ ಅಂಗಡಿಯ ಲೆಕ್ಕ ಬರೆಯುವುದು ನಾನು. 2024-25ರ ಲೆಕ್ಕ ಮುಗಿಸುವಾಗ ಟ್ಯಾಲಿಯಲ್ಲಿ ಪಾರ್ಟಿಗಳ ಬಾಕಿ ಸುಮಾರು 14 ಲಕ್ಷ ನಿಂತಿತ್ತು. ಫೋನ್ ಮಾಡಿದರೆ ಅರ್ಧಕ್ಕರ್ಧ ಜನ "ಆಗ್ಲೇ ಹಾಕೀವಲ್ರೀ" ಅನ್ನುತ್ತಿದ್ದರು. ಸಾಹುಕಾರರಿಗೆ ಅವರ ಮೇಲೆ ಅನುಮಾನ. ಆಡಿಟರ್ ಆಫೀಸಿನವರು ಬ್ಯಾಂಕ್ ಖಾತೆ ಪೈಸೆಗೆ ಪೈಸೆ ತಾಳೆಯಾಗಿದೆ, ಹುಡುಕುವುದಕ್ಕೆ ಏನೂ ಇಲ್ಲ ಎಂದು ಕೈತೊಳೆದುಕೊಂಡರು.

ನನ್ನ ವಾದ ಬೇರೆ ಇತ್ತು. ಬ್ಯಾಂಕ್ ಖಾತೆ ತಾಳೆಯಾಗಿದೆ ಅಂದರೆ ಬಂದ ದುಡ್ಡಿಗೆಲ್ಲ ಯಾವುದೋ ಒಂದು ಎಂಟ್ರಿ ಬಿದ್ದಿದೆ ಅಂತ ಅಷ್ಟೇ ಅರ್ಥ. ಅದು ಕೊಟ್ಟವರ ಖಾತೆಗೇ ಜಮಾ ಆಗಿದೆ ಅಂತ ಅಲ್ಲ. ಹಾಗಾಗಿ ಸ್ಟೇಟ್‌ಮೆಂಟನ್ನು ಟ್ಯಾಲಿಯ ಬ್ಯಾಂಕ್ ಖಾತೆಯ ಜೊತೆ ಇಟ್ಟು ನೋಡುವುದನ್ನೇ ಬಿಟ್ಟೆ. ಸಂಡ್ರಿ ಡೆಟರ್ಸ್ ಗುಂಪಿನ ಖಾತೆಗಳಲ್ಲಿ ಬ್ಯಾಂಕಿನ ಮೂಲಕ ಜಮಾ ಆದದ್ದನ್ನು ಮಾತ್ರ Ledger ಅನ್ನುವ ಒಂದು ಶೀಟಿಗೆ ತೆಗೆದೆ, ಸ್ಟೇಟ್‌ಮೆಂಟಿನ ಜಮಾಗಳನ್ನು ಇನ್ನೊಂದಕ್ಕೆ.

ಮೊದಲು ತಾರೀಖು ಹಿಡಿದು ಹೊಂದಿಸಲು ಹೋದಾಗ ಒಂದು ವಾರದ ಸಂಜೆಗಳೆಲ್ಲ ಹಾಳಾದವು. ಅಂಗಡಿಯಲ್ಲಿ ಎಂಟ್ರಿ ಹಾಕುವುದು ವಾರಕ್ಕೊಮ್ಮೆ, ಚೆಕ್ ಜಮಾ ಆಗುವುದು ಇನ್ನೊಂದು ದಿನ, ಭಾನುವಾರದ ಯುಪಿಐ ಸೋಮವಾರ ಕಾಣುತ್ತದೆ. ಹೆಸರು ಹಿಡಿದು ಹೊಂದಿಸುವುದೂ ಆಗಲಿಲ್ಲ. ಅಂಗಡಿಯದು ಒಂದು ಹೆಸರು, ದುಡ್ಡು ಬರುವುದು ತಮ್ಮನ ಖಾತೆಯಿಂದ. ಕೊನೆಗೆ ನಿಂತದ್ದು ಮೊತ್ತ ಒಂದೇ. ಆದರೆ ಮೊತ್ತಕ್ಕೂ ಒಂದು ತೊಡಕಿದೆ: 10,000 ಎಂಬುದು ವರ್ಷದಲ್ಲಿ ನಲವತ್ತು ಸಲವಾದರೂ ಬರುತ್ತದೆ, VLOOKUP ಹಾಕಿದರೆ ನಲವತ್ತಕ್ಕೂ ಒಂದೇ ಸಾಲು ತೋರಿಸಿ ಎಲ್ಲ ಸರಿ ಅನ್ನುತ್ತದೆ. ಅದಕ್ಕೇ ಎರಡೂ ಶೀಟನ್ನು ತಾರೀಖಿನ ಪ್ರಕಾರ ಜೋಡಿಸಿ, ಪ್ರತಿ ಮೊತ್ತದ ಬೆನ್ನಿಗೆ ಅದು ಎಷ್ಟನೇ ಸಲ ಬಂದದ್ದು ಅನ್ನುವುದನ್ನು ಅಂಟಿಸಿದೆ. ಮೊತ್ತ D ಕಾಲಂನಲ್ಲಿದ್ದರೆ F ಕಾಲಂನಲ್ಲಿ ಹೀಗೆ:

```
=TEXT(D2,"0.00")&"|"&COUNTIF($D$2:D2,D2)
```

ಆಮೇಲೆ ಸ್ಟೇಟ್‌ಮೆಂಟ್ ಶೀಟಿನ G ಕಾಲಂನಲ್ಲಿ:

```
=COUNTIF(Ledger!$F:$F,F2)
```

ಸೊನ್ನೆ ಬಂದ ಸಾಲು ಯಾವ ಪಾರ್ಟಿಗೂ ಜಮಾ ಆಗಿಲ್ಲ. ಒಂದು ಎಚ್ಚರಿಕೆ ಇದೆ. ನಲವತ್ತು ಹತ್ತು ಸಾವಿರಗಳಲ್ಲಿ ಏಳನೆಯದು ಬಿಟ್ಟುಹೋಗಿದ್ದರೂ ಸೊನ್ನೆ ತೋರಿಸುವುದು ಕೊನೆಯ ಸಾಲಿಗೆ. ಆ ಮೊತ್ತದ ಅಷ್ಟೂ ಸಾಲುಗಳನ್ನು ಫಿಲ್ಟರ್ ಮಾಡಿ ಕಣ್ಣಲ್ಲೇ ನೋಡಬೇಕು. ಇದಕ್ಕೆಲ್ಲ ಮೊದಲು ಎರಡೂ ಶೀಟಿನ ಜಮಾ ಕಾಲಂ ಬೇರೆ ಬೇರೆ ಕೂಡಿಸಿ, ಒಂದು ಬ್ಯಾಂಕ್ ತೋರಿಸುವ ಮೊತ್ತಕ್ಕೆ, ಇನ್ನೊಂದು ಟ್ಯಾಲಿ ತೋರಿಸುವ ಮೊತ್ತಕ್ಕೆ ಸರಿಹೊಂದುತ್ತದಾ ನೋಡಿ. ನಮ್ಮ ಸ್ಟೇಟ್‌ಮೆಂಟಿನಲ್ಲಿ ಒಂದಷ್ಟು ಅಂಕಿಗಳು ಹಿಂದೆ ಸ್ಪೇಸ್ ಹೊತ್ತುಕೊಂಡು ಅಕ್ಷರಗಳಾಗಿ ಕೂತಿದ್ದವು, SUM ಅವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಸೊನ್ನೆ ಬಂದ ಸಾಲುಗಳು ಅರವತ್ತರ ಆಸುಪಾಸು. ದುಡ್ಡು ಎಲ್ಲೆಲ್ಲಿ ಅಡಗಿತ್ತು ಅನ್ನುವುದಕ್ಕೆ ಹೊನ್ನಾಳಿ ಕಡೆಯ ಒಂದು ಪಾರ್ಟಿಯ ಕತೆ ಹೇಳಿದರೆ ಸಾಕು. ಅವರ ಹೆಸರಲ್ಲಿ ಮೂರು ಬಿಲ್ ಬಾಕಿ: 46,250, 38,720, 33,430. ಒಟ್ಟು 1,18,400. ಪೂರ್ತಿ ಕೊಟ್ಟಿದ್ದೇನೆ ಅಂತ ಅವರ ಹಟ.

ಮೊದಲ ಎರಡು ಬಿಲ್ ಕೂಡಿದರೆ 84,970. ಸ್ಟೇಟ್‌ಮೆಂಟಿನಲ್ಲಿ ಅಷ್ಟೇ ಮೊತ್ತದ ನೆಫ್ಟ್ ಇತ್ತು, ಆದರೆ ಸೊನ್ನೆ ಬಂದಿರಲಿಲ್ಲ. ಯಾಕೆಂದರೆ ಅದೇ ದೇವರ ಹೆಸರಿನ ಚನ್ನಗಿರಿಯ ಇನ್ನೊಂದು ಅಂಗಡಿಗೆ ಅದು ಜಮಾ ಆಗಿತ್ತು. ಮೇಲಿನ ಫಾರ್ಮುಲಾಗೆ ಇದು ಸಿಗುವುದಿಲ್ಲ. ಇದನ್ನು ಹಿಡಿಯಲು ಡೆಟರ್ಸ್ ಪಟ್ಟಿಯಲ್ಲಿ ಯಾರ ಬಾಕಿ ಉಲ್ಟಾ, ಅಂದರೆ ಕ್ರೆಡಿಟ್ ತೋರಿಸುತ್ತಿದೆ ನೋಡಬೇಕು. ನಮ್ಮ ಊರಿನ ವ್ಯಾಪಾರದಲ್ಲಿ ಪೈಪಿಗೆ ಎಂಬತ್ತು ಸಾವಿರ ಅಡ್ವಾನ್ಸ್ ಕೊಟ್ಟು ಸುಮ್ಮನಿರುವವರು ಇಲ್ಲ.

ಉಳಿದ 33,430 ಎಲ್ಲೂ ಇರಲಿಲ್ಲ. ಅವರು ಕ್ಯೂಆರ್‌ಗೆ ಸ್ಕ್ಯಾನ್ ಮಾಡಿದ್ದೆ, ಯುಗಾದಿ ಮುಂಚೆ ಅಂದರು. ನಮ್ಮ ಕ್ಯೂಆರ್ ಕಂಪನಿ ಒಂದು ದಿನದ ವಸೂಲಿಯನ್ನೆಲ್ಲ ಗಂಟು ಕಟ್ಟಿ ಮಾರನೇ ದಿನ ಒಂದೇ ಜಮಾ ಹಾಕುತ್ತದೆ. ಕೌಂಟರಿನ ಹುಡುಗರು ಅದನ್ನು ಹಾಗೇ ಕ್ಯಾಶ್ ಸೇಲ್ ಅಂತ ಬಿಲ್ ಮಾಡಿಬಿಡುತ್ತಿದ್ದರು.

ಗಂಟು ಬಿಡಿಸಲು ಎಕ್ಸೆಲ್‌ನ ಸಾಲ್ವರ್ ಹಚ್ಚಿ ನೋಡಿದೆ, ಬಾಕಿ ಬಿಲ್‌ಗಳಲ್ಲಿ ಯಾವ್ಯಾವುದು ಕೂಡಿದರೆ ಆ ಜಮಾ ಆಗುತ್ತದೆ ಅಂತ. 200 ಬಿಲ್ ದಾಟಿದರೆ ಅದು ತೆಗೆದುಕೊಳ್ಳುವುದೇ ಇಲ್ಲ. ಕಡಿಮೆ ಮಾಡಿ ಕೊಟ್ಟರೆ ಒಂದೇ ಮೊತ್ತಕ್ಕೆ ನಾಲ್ಕಾರು ಜೋಡಿ ಹೊಂದುತ್ತವೆ, ಯಾವುದು ನಿಜ ಅನ್ನುವುದು ತಿಳಿಯುವುದಿಲ್ಲ. ಐದಾರು ಬಿಲ್ ಇರುವ ಒಂದೇ ಪಾರ್ಟಿಗಾದರೆ ಪರವಾಗಿಲ್ಲ, ಇಡೀ ಅಂಗಡಿಗೆ ಅದು ಕೆಲಸಕ್ಕೆ ಬಾರದು.

ದಾರಿ ತೋರಿಸಿದ್ದು ಅವರ ಫೋನಿನಲ್ಲಿದ್ದ 12 ಅಂಕಿಯ ಯುಪಿಐ ನಂಬರ್. ಅದರ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನ ಮೂರು ಆ ವರ್ಷದ ಎಷ್ಟನೇ ದಿನ ಅನ್ನುವುದು. ಅವರದು 5036 ಅಂತ ಶುರುವಾಗಿತ್ತು: 2025ರ 36ನೇ ದಿನ, ಫೆಬ್ರವರಿ 5. ಯುಗಾದಿ ಇದ್ದದ್ದು ಮಾರ್ಚ್ 30ಕ್ಕೆ, ನಾವು ಮಾರ್ಚ್ ತಿಂಗಳನ್ನೇ ಜಾಲಾಡುತ್ತಿದ್ದೆವು. ನಂಬರ್ A2ದಲ್ಲಿದ್ದರೆ:

```
=DATE(2020+LEFT(A2,1),1,MID(A2,2,3))
```

ಇಂಥ ನಂಬರ್ ಇರುವ ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಎಕ್ಸೆಲ್ 12 ಅಂಕಿಯನ್ನು 5.03612E+11 ಮಾಡಿ ತೋರಿಸುತ್ತದೆ, ಹಾಗೇ ಸಿಎಸ್‌ವಿಯಾಗಿ ಸೇವ್ ಮಾಡಿದರೆ ಬಾಕಿ ಅಂಕಿ ಹೋದವೇ. ಟೆಕ್ಸ್ಟ್ ಕಾಲಂ ಅಂತ ಹೇಳಿ ಇಂಪೋರ್ಟ್ ಮಾಡಿ.

ಫೆಬ್ರವರಿ 6ರ ಜಮಾ 52,130. ಕ್ಯೂಆರ್ ಆ್ಯಪಿನ ವರದಿ ಇಳಿಸಿದರೆ ಒಳಗೆ 31,750, 12,480, 7,900. ಮೊದಲನೆಯದು ಇವರದ್ದೇ: ವಾಪಸ್ ಕೊಟ್ಟ ಬೆಂಡು, ಟೀ ಫಿಟಿಂಗುಗಳ 1,680 ಮುರಿದುಕೊಂಡು ಹಾಕಿದ್ದರು. ಸಾಲ್ವರ್‌ಗೆ ಇದು ಜನ್ಮದಲ್ಲಿ ಸಿಗುತ್ತಿರಲಿಲ್ಲ. ವಾಪಸ್ ಬಂದ ಮಾಲು ಗೋಡೌನಿನಲ್ಲೇ ಇತ್ತು, ಕ್ರೆಡಿಟ್ ನೋಟ್ ಆಗಿರಲಿಲ್ಲ.

ಎಲ್ಲ ಸೇರಿ ಸಿಕ್ಕಿದ್ದು ಐದೂಕಾಲು ಲಕ್ಷದ ಹತ್ತಿರ. ಕ್ಯಾಶ್ ಸೇಲ್‌ನಲ್ಲಿ ಎರಡು ಲಕ್ಷ, ಸಸ್ಪೆನ್ಸ್‌ನಲ್ಲಿ ಒಂದೂಮುಕ್ಕಾಲು, ಉಳಿದದ್ದು ತಪ್ಪು ಪಾರ್ಟಿಗಳಲ್ಲಿ. ಸಾಹುಕಾರರು ಎದ್ದು ಕೂತದ್ದು ಇನ್ನೊಂದು ವಿಷಯಕ್ಕೆ. ಆ ಎರಡು ಲಕ್ಷಕ್ಕೆ ಉದ್ರಿ ಬಿಲ್‌ನಲ್ಲಿ ಒಮ್ಮೆ, ಸುಳ್ಳು ಕ್ಯಾಶ್ ಬಿಲ್‌ನಲ್ಲಿ ಇನ್ನೊಮ್ಮೆ ಜಿಎಸ್‌ಟಿ ಕಟ್ಟಿದ್ದೆವು. 18 ಪರ್ಸೆಂಟ್ ಒಳಗೊಂಡ ಮೊತ್ತವಾದ್ದರಿಂದ ಸುಮಾರು 30 ಸಾವಿರ. ಆ ವರ್ಷದ್ದನ್ನು ತಿದ್ದಲು ನವೆಂಬರ್ 30ರವರೆಗೆ ಅವಕಾಶ ಇತ್ತು, ಅಷ್ಟರೊಳಗೆ ಮುಗಿಸಿದೆವು. ಟ್ಯಾಲಿಗಿಂತ ಗೋಡೌನಿನಲ್ಲಿ ಪೈಪು ಯಾಕೆ ಜಾಸ್ತಿ ಇದೆ ಅನ್ನುವ ಹಳೇ ತಕರಾರೂ ಅಲ್ಲಿಗೇ ಬಗೆಹರಿಯಿತು. ಮಾಲು ಹೋಗದೆ ಬಿಲ್ ಆದರೆ ಇನ್ನೇನಾಗುತ್ತದೆ!

ಸಸ್ಪೆನ್ಸ್‌ನಲ್ಲಿದ್ದ ಹೆಸರುಗಳಿಂದ ಪಾರ್ಟಿ ಗುರುತಿಸಲು ನಾನು ಒಂದು ಪಟ್ಟಿ ಕಟ್ಟಿದ್ದೇನೆ, ಯಾರ ದುಡ್ಡು ಯಾವ ತಮ್ಮ, ಯಾವ ಹೆಂಡತಿಯ ಖಾತೆಯಿಂದ ಬರುತ್ತದೆ ಅಂತ. ಅದು ತಿಂಗಳು ತಿಂಗಳು ತಾನಾಗಿ ಬೆಳೆಯುವ ಹಾಗೆ ಮಾಡಿದ ಉಪಾಯ ಇಲ್ಲಿ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಈಗ ಇದೇ ಕ್ರಮದಲ್ಲಿ ಇನ್ನೂ ಮೂರು ಅಂಗಡಿಗಳ ಲೆಕ್ಕ ನೋಡುತ್ತೇನೆ. ಆ ಆಡಿಟರ್ ಆಫೀಸಿನವರೇ ಕಳಿಸಿದ್ದು.

ನಲವತ್ತು ಸಾವಿರದಷ್ಟು ಇನ್ನೂ ಸಸ್ಪೆನ್ಸ್‌ನಲ್ಲೇ ಇದೆ. ಬೇರೆ ಊರಿನ ಶಾಖೆಗಳಲ್ಲಿ ಯಾರೋ ನಗದು ತುಂಬಿದ್ದು, ನರೇಷನ್‌ನಲ್ಲಿ ಶಾಖೆ ಬಿಟ್ಟರೆ ಏನೂ ಇಲ್ಲ. ಆ ಊರುಗಳ ಪಾರ್ಟಿಗಳಿಗೆಲ್ಲ ಹೇಳಿದ್ದೇನೆ, ಕೌಂಟರಿನ ಚಲನ್ ತಂದು ತೋರಿಸಿದವರ ಖಾತೆಗೆ ಅವತ್ತೇ ಜಮಾ.