ತುಪ್ಪ ಹೊಗೆಯಾಡುವುದು ಏಕೆ? ಗೋಡಂಬಿ ಹುರಿಯುವ ಮುನ್ನ ನೋಡಿ

ಕೇಸರಿಬಾತಿಗೆ ಗೋಡಂಬಿ ಹುರಿಯಲು ತುಪ್ಪ ಬಿಸಿಗಿಡುತ್ತೀರಿ. ಅದು ಹೊಗೆಯಾಡಿ, ಹಾಕಿದ ಗೋಡಂಬಿ ಹೊರಗೆ ಕಪ್ಪು, ಒಳಗೆ ಹಸಿ. ಆದರೆ ಚೆನ್ನಾಗಿ ಕಾಯಿಸಿ ಸೋಸಿದ ತುಪ್ಪ ಸುಮಾರು 250 ಡಿಗ್ರಿವರೆಗೂ ತಡೆಯುತ್ತದೆ. ಪೂರಿ ಕರಿಯಲು 180–190 ಡಿಗ್ರಿ ಸಾಕು. ಹಾಗಾದರೆ ತಪ್ಪುವುದು ಎಲ್ಲಿ?

ಮೊದಲು ತುಪ್ಪವನ್ನೇ ನೋಡಿ. ಒಂದು ಚಮಚ ತುಪ್ಪವನ್ನು ಸಣ್ಣ ಉರಿಯಲ್ಲಿ ಕರಗಿಸಿ. ಚಟಪಟ ಅಂದರೆ ನೀರಿನಂಶ ಉಳಿದಿದೆ. ತಳದಲ್ಲಿ ಕಂದು ಚುಕ್ಕೆ ಕಂಡರೆ ಅದು ಗಸಿ, ಅಂದರೆ ಹಾಲಿನ ಪ್ರೋಟೀನು ಮತ್ತು ಸಕ್ಕರೆ. ಬೆಣ್ಣೆಯಲ್ಲಿನ ಮಜ್ಜಿಗೆಯನ್ನು ಸರಿಯಾಗಿ ತೊಳೆಯದಿದ್ದರೆ ಗಸಿ ಜಾಸ್ತಿ. ತುಪ್ಪ ಇನ್ನೂ ತಡೆಯುವಾಗಲೇ ಈ ಗಸಿ ಕರಕಲಾಗುತ್ತದೆ. ಬಿಸಿ ಸ್ವಲ್ಪ ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿಬಿಡಿ. ಡಬ್ಬಿಯ ತಳದ ತುಪ್ಪವನ್ನು ಒಗ್ಗರಣೆಗೆ ಹಾಕದೆ ಬಿಸಿ ಅನ್ನಕ್ಕೆ ಬಳಸಿ.

ಎರಡನೆಯದು ಪಾತ್ರೆ. ತೆಳುವಾದ ಒಗ್ಗರಣೆ ಸೌಟಿಗೆ ಒಂದು ಚಮಚ ತುಪ್ಪ ಹಾಕಿ ದೊಡ್ಡ ಉರಿ ಕೊಟ್ಟರೆ, ಸೋಸಿದ ತುಪ್ಪವೂ ನೋಡನೋಡುತ್ತಲೇ ಹೊಗೆಯಾಡುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಎರಡು ದೊಡ್ಡ ಚಮಚ ತುಪ್ಪ ಹಾಕಿ, ಉರಿ ಸಣ್ಣಗಿಡಿ. ತುಪ್ಪ ಕರಗಿದ ಕೂಡಲೇ, ಕಾಯುವ ಮೊದಲೇ, ಗೋಡಂಬಿ ಹಾಕಿ ಕೈಯಾಡಿಸುತ್ತಿರಿ. ತಿಳಿ ಹೊಂಬಣ್ಣಕ್ಕೆ ಬಂದಾಗಲೇ ತೆಗೆಯಿರಿ, ತಟ್ಟೆಯಲ್ಲೂ ಅದರ ಬಣ್ಣ ಏರುತ್ತದೆ. ದ್ರಾಕ್ಷಿ ಆಮೇಲೆ, ಉಬ್ಬಿದರೆ ಸಾಕು.

ಹೊಗೆ ಎದ್ದೇಬಿಟ್ಟರೆ? ಒಲೆ ಆರಿಸಿ, ಬಾಣಲೆ ಪಕ್ಕಕ್ಕಿಡಿ. ನೀರು ಮಾತ್ರ ಚಿಮುಕಿಸಬೇಡಿ, ತುಪ್ಪ ಸಿಡಿಯುತ್ತದೆ. ಆರಿದ ಮೇಲೆ ಮೂಸಿ ನೋಡಿ. ಘಾಟು ವಾಸನೆ ಇದ್ದರೆ ಚೆಲ್ಲುವುದೇ ವಾಸಿ. ಎಷ್ಟು ಸಕ್ಕರೆ ಹಾಕಿದರೂ ಆ ಕಹಿ ಮುಚ್ಚುವುದಿಲ್ಲ.

ಬೆಣ್ಣೆಯ ಕಥೆ ಬೇರೆ. ಅದರಲ್ಲಿ ಸುಮಾರು ಶೇ 16ರಷ್ಟು ನೀರಿದೆ, ಗಸಿಯೂ ಇದೆ. 150 ಡಿಗ್ರಿ ದಾಟಿದರೆ ಕಪ್ಪಾಗತೊಡಗುತ್ತದೆ. ಎಣ್ಣೆ ಬೆರೆಸಿದರೆ ಸೀಯುವುದಿಲ್ಲ ಅನ್ನುವವರಿದ್ದಾರೆ. ಗಸಿ ಎಣ್ಣೆಯಲ್ಲೂ ಸೀಯುತ್ತದೆ, ಪ್ರಮಾಣ ಕಡಿಮೆಯಾಗಿ ಕಾಣುತ್ತದೆ ಅಷ್ಟೇ. ದಾವಣಗೆರೆಯ ಬೆಣ್ಣೆ ದೋಸೆಯಲ್ಲಿ ಬೆಣ್ಣೆ ಬೀಳುವುದು ಕಾದ ಕಾವಲಿಯ ಮೇಲಲ್ಲ, ಹಸಿ ಹಿಟ್ಟಿನ ಮೇಲೆ. ಹಿಟ್ಟಿನ ನೀರು ಆರುವವರೆಗೆ ಅಲ್ಲಿ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಬೆಣ್ಣೆ ಸೀಯುವುದಿಲ್ಲ.

ಪೂರಿ, ಚಕ್ಕುಲಿ ಕರಿಯಲು ರಿಫೈನ್ಡ್ ಕಡಲೆಕಾಯಿ ಅಥವಾ ಸೂರ್ಯಕಾಂತಿ ಎಣ್ಣೆಯೇ ನನ್ನ ಆಯ್ಕೆ. ತುಪ್ಪದಲ್ಲೂ ಕರಿಯಬಹುದು, ಆದರೆ ದುಬಾರಿ. ಮೇಲಾಗಿ ಆರಿದ ಚಕ್ಕುಲಿಯ ಮೇಲೆ ತುಪ್ಪ ಹೆಪ್ಪುಗಟ್ಟಿ ನಾಲಿಗೆಗೆ ಜಿಡ್ಡು ಅಂಟುತ್ತದೆ. ಬೆಣ್ಣೆಯನ್ನು ಚಕ್ಕುಲಿ ಹಿಟ್ಟಿಗೆ ಕಲಸಿ, ಬಾಣಲೆಗೆ ಬೇಡ. ಗಾಣದ ಎಣ್ಣೆ ರಿಫೈನ್ಡ್‌ಗಿಂತ ಬೇಗ ಹೊಗೆಯಾಡುತ್ತದೆ, ಹಾಗಾಗಿ ಅದನ್ನು ಒಗ್ಗರಣೆಗೆ, ಪಲ್ಯಕ್ಕೆ ಇಟ್ಟುಕೊಳ್ಳಿ. ಒಮ್ಮೆ ಕರಿದ ಎಣ್ಣೆಯನ್ನೂ ಸೋಸಿಯೇ ಎತ್ತಿಡಿ. ತಳದಲ್ಲಿ ಉಳಿದ ಹಿಟ್ಟಿನ ಪುಡಿ ಮುಂದಿನ ಸಲ ಎಣ್ಣೆ ಕಾಯುವ ಮೊದಲೇ ಸೀಯುತ್ತದೆ.