ಮೈಗಿಂತ ಹಳೆಯ ಅಂಗಿಯ ಅಳತೆಯೇ ನನಗೆ ಸರಿಹೋಯಿತು

ಆನ್‌ಲೈನ್‌ನಲ್ಲಿ ಅಂಗಿ ತರಿಸುವಾಗ ಎದೆಗೆ ಟೇಪು ಸುತ್ತಿ, ಬಂದ 39 ಇಂಚನ್ನು ಚಾರ್ಟಿನಲ್ಲಿ ಹುಡುಕುವುದೇ ನಮ್ಮ ಮನೆಯ ರೂಢಿಯಾಗಿತ್ತು. ಒಂದು ಕಂಪನಿಯ 40 ಕಂಕುಳಲ್ಲಿ ಹಿಡಿಯುತ್ತಿತ್ತು, ಇನ್ನೊಂದರ 40 ಜೋಲುತ್ತಿತ್ತು. ವಾಪಸು ಕಳಿಸಿದಾಗಲೆಲ್ಲ ನೂರು ರೂಪಾಯಿಯ ಆಸುಪಾಸು ಕಡಿತವಾಗಿ, ಒಂದೇ ವರ್ಷದಲ್ಲಿ ಒಂದು ಒಳ್ಳೆಯ ಅಂಗಿಯ ದುಡ್ಡು ಹೋಗಿರಬೇಕು.

ಮೈಯನ್ನು ಬಿಟ್ಟು, ಕಲಬುರಗಿಯ ಬಿಸಿಲಿನಲ್ಲೂ ಹಿತವಾಗಿರುವ ನನ್ನ ಹಳೆಯ ಹತ್ತಿ ಅಂಗಿಯನ್ನೇ ಅಳೆಯುತ್ತೇನೆಂದಾಗ, ಸೂಪರ್ ಮಾರ್ಕೆಟ್ ಬಳಿಯ ನಮ್ಮ ಟೇಲರ್ "ಮೈ ಅಳತಿ ಇಲ್ಲದ ಅಂಗಿ ಹೆಂಗ ಕೂಡ್ತದ್ರಿ?" ಎಂದರು.

ಆ ಅಂಗಿಗೆ ಇಸ್ತ್ರಿ ಹಾಕಿ, ಗುಂಡಿಗಳನ್ನೆಲ್ಲ ಹಾಕಿ, ನೆಲದ ಮೇಲೆ ಎಳೆಯದೆ ಹರಡಿದೆ. ಒಂದು ಕಂಕುಳ ಹೊಲಿಗೆಯಿಂದ ಇನ್ನೊಂದಕ್ಕೆ ಇಪ್ಪತ್ತೊಂದೂವರೆ ಇಂಚು, ಇಮ್ಮಡಿಸಿದರೆ 43. ಪರೀಕ್ಷೆಗೆಂದು ಅದೇ ಅಂಗಿಯನ್ನು ತೊಳೆದು ಇಸ್ತ್ರಿ ಇಲ್ಲದೆ ಅಳೆದಾಗ ಸುಮಾರು ಅರ್ಧ ಇಂಚು ಕಡಿಮೆ ಬಂತು. ಇಮ್ಮಡಿಯಾದರೆ ಅದು ಒಂದು ಇಂಚು. ಎರಡು ಸೈಜುಗಳ ನಡುವಿನ ಅಂತರವೇ ಸಾಮಾನ್ಯವಾಗಿ ಎರಡು ಇಂಚು ಇರುವಾಗ, ಸುಕ್ಕಿನಲ್ಲೇ ಅರ್ಧ ಸೈಜು ತಪ್ಪಿಹೋಗುತ್ತದೆ.

ಚಾರ್ಟು ಯಾವುದನ್ನು ಹೇಳುತ್ತಿದೆ ಎಂಬುದನ್ನು ಮೊದಲು ಗುರುತಿಸಬೇಕು. 40 ಸೈಜಿನ ಎದುರು ಎದೆ 40 ಎಂದೇ ಇದ್ದರೆ ಅದು ಬಹುಮಟ್ಟಿಗೆ ಮೈ ಅಳತೆ. 43, 44 ಎಂದಿದ್ದರೆ ಬಟ್ಟೆಯ ಸುತ್ತಳತೆ. 21, 22 ಎಂದಿದ್ದರೆ ಹರಡಿದ ಅಂಗಿಯ ಅಡ್ಡಗಲ. ನಾನು ನೋಡಿದ ಚಾರ್ಟಿನಲ್ಲಿ M ಗೆ 41, L ಗೆ 43, XL ಗೆ 45 ಇತ್ತು. L ತರಿಸಿದೆ, ಎದೆಯಲ್ಲಿ ನನ್ನ ಮೈಗೆ ಬೇಕಾದ ನಾಲ್ಕು ಇಂಚಿನ ಸಡಿಲ ಹಾಗೆಯೇ ದೊರೆಯಿತು. ಭುಜವನ್ನೂ ಹೊಲಿಗೆಯಿಂದ ಹೊಲಿಗೆಗೆ ತಾಳೆ ನೋಡಿದ್ದೆ, ಏಕೆಂದರೆ ಎದೆ ಸಡಿಲವಾದರೆ ಟೇಲರ್ ಬಿಗಿ ಮಾಡಬಲ್ಲರು, ಭುಜದ ಅಳತೆ ತಪ್ಪಿದರೆ ತೋಳು ಬಿಚ್ಚಬೇಕಾಗುತ್ತದೆ.

ಉದ್ದದಲ್ಲಿ ಮಾತ್ರ ಸಮ ಅಳತೆಯನ್ನು ಆರಿಸಲಿಲ್ಲ. ಹಳೆಯ ಅಂಗಿ ಒಗೆತದಲ್ಲಿ ಆಗಲೇ ಕುಗ್ಗಿ ಇಪ್ಪತ್ತೆಂಟೂವರೆ ಇಂಚಿಗೆ ನಿಂತಿತ್ತು. ಹೊಸದು ಇನ್ನೂ ಕುಗ್ಗಬೇಕಾದ್ದರಿಂದ ಮುಕ್ಕಾಲು ಇಂಚಿನಿಂದ ಒಂದು ಇಂಚು ಹೆಚ್ಚಿರುವುದನ್ನು ನೋಡಿಕೊಂಡೆ.

ಈಗ ಆ ಟೇಲರ್ ತಮ್ಮ ಮಗನ ಅಂಗಿಯನ್ನು ನನ್ನ ಕೈಗೆ ಕೊಟ್ಟು ಚಾರ್ಟು ನೋಡಿಸುತ್ತಾರೆ. ಆದರೆ ನಾನು ನನ್ನ ಹಳೆಯ ಅಂಗಿಯನ್ನೇ ಮುಂದಿಟ್ಟುಕೊಂಡು ಟೀ ಶರ್ಟ್ ಆರಿಸಿದಾಗ ಅದು ದೊಗಲೆಯಾಯಿತು. ಹೆಣೆದ ಬಟ್ಟೆ ಹಿಗ್ಗುವುದರಿಂದ ಅದಕ್ಕೆ ಅಷ್ಟು ಸಡಿಲ ಬೇಕಿಲ್ಲ. ಟೀ ಶರ್ಟಿಗೆ ಟೀ ಶರ್ಟನ್ನೇ ಹರಡಿ ಅಳೆಯಬೇಕು.