ಫೋಟೋದಲ್ಲಿ ನೆರಿಗೆ, ಸೆರಗು ನೋಡಿ ಸರಿಮಾಡುವುದು: ನನ್ನ ಅನುಭವ

ಸೀರೆ ಉಡಿಸಿ ಮುಗಿದ ಮೇಲೆ ನಾನು ಕನ್ನಡಿಯನ್ನು ಅಷ್ಟಾಗಿ ನಂಬುವುದಿಲ್ಲ. ಉಟ್ಟವರು ಕನ್ನಡಿ ಮುಂದೆ ಬಗ್ಗಿ ನೋಡುತ್ತಾರೆ, ಬಗ್ಗಿದ ಕೂಡಲೇ ನೆರಿಗೆ ಜರುಗುತ್ತದೆ. ಅದಕ್ಕೇ ಮುಂದಿನಿಂದ ಒಂದು, ಹಿಂದಿನಿಂದ ಒಂದು ಫೋಟೋ ತೆಗೆದು ನೋಡುತ್ತೇನೆ.

ಫೋಟೋ ಸರಿಯಿಲ್ಲದಿದ್ದರೆ ಇಲ್ಲದ ತಪ್ಪು ಕಾಣುತ್ತದೆ. ಹತ್ತಿರ ನಿಂತು ಮುಖದ ಎತ್ತರದಿಂದ ತೆಗೆದರೆ ನೆಟ್ಟಗಿರುವ ಅಂಚೂ ಬಾಗಿದ ಹಾಗೆ ಬರುತ್ತದೆ. ನಾನು 8–10 ಅಡಿ ಹಿಂದೆ ಸರಿದು, ಫೋನನ್ನು ಅವರ ಸೊಂಟದ ಮಟ್ಟಕ್ಕೆ ಹಿಡಿಯುತ್ತೇನೆ. ಚಪ್ಪಲಿ ಹಾಕಿಕೊಂಡು, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಬಿಟ್ಟು ನಿಲ್ಲಲಿ. ಒಂದೇ ಕಾಲಿನ ಮೇಲೆ ನಿಂತರೆ ಸೊಂಟ ಒಂದು ಕಡೆ ಏರುತ್ತದೆ, ಜೊತೆಗೆ ಅಂಚೂ ಏರುತ್ತದೆ. ಸೆಲ್ಫಿಯಾದರೆ ಎಡ ಬಲ ಅದಲುಬದಲಾಗಿರಬಹುದು. ಎಡ ಹೆಗಲಿನ ಸೆರಗು ಫೋಟೋದಲ್ಲಿ ನಮ್ಮ ಬಲಕ್ಕೆ ಕಾಣಬೇಕು. ಅದನ್ನು ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ಸರಿಯಿರುವ ಕಡೆಗೇ ಕೈ ಹಾಕುತ್ತೀರಿ.

ಈಚೆಗೆ ನಾದಿನಿಗೆ ದೊಡ್ಡಂಚಿನ ರೇಷ್ಮೆ ಸೀರೆ ಉಡಿಸಿದ್ದೆ. "ಚೆನ್ನಾಗೇ ಇದೆಯಲ್ಲ ಅತ್ತಿಗೆ, ಬಿಡಿ" ಅಂದಳು. ನಾನು ಫೋಟೋ ತೆರೆದು, ಕ್ರಾಪ್ ಮಾಡುವ ಚೌಕಟ್ಟಿನ ಕೆಳಗೆರೆಯನ್ನು ಸೀರೆಯ ಅಂಚಿಗೆ ತಂದು ನಿಲ್ಲಿಸಿದೆ. ಇದು ನನ್ನ ಸ್ಕೇಲು. ಮೊದಲು ಬಾಗಿಲ ಚೌಕಟ್ಟನ್ನೋ ನೆಲದ ಟೈಲ್ಸ್ ಗೆರೆಯನ್ನೋ ನೋಡಿ ಫೋಟೋ ನೆಟ್ಟಗೆ ಮಾಡಿಕೊಂಡಿರಬೇಕು ಅಷ್ಟೆ. ಮೇಲಿನ ನೆರಿಗೆ ಗೆರೆಗೆ ಸರಿಯಾಗಿ ಕೂತಿತ್ತು. ಅದರ ಹಿಂದಿನದು ಚೂರು ಕೆಳಗೆ, ಅದರ ಹಿಂದಿನದು ಇನ್ನೂ ಚೂರು ಕೆಳಗೆ. ಕೊನೆಯದು ಬೆರಳಗಲ ಇಣುಕುತ್ತಿತ್ತು. ಜರಿ ಗೆರೆಗಳು ಮೆಟ್ಟಿಲಿನ ಹಾಗೆ ಇಳಿದಿದ್ದವು.

ಹೀಗೆ ಮೆಟ್ಟಿಲು ಕಂಡರೆ ನೆರಿಗೆ ಹಿಡಿಯುವಾಗಲೇ ಮಡಿಕೆಗಳು ಒಂದರ ಮೇಲೊಂದು ಜಾರಿವೆ ಎಂದು ಅರ್ಥ. ಒಂದೇ ಮಡಿಕೆ ಜೋತಿದ್ದರೆ ಅದನ್ನಷ್ಟೇ ಸೊಂಟದಲ್ಲಿ ಇನ್ನೊಂದಿಷ್ಟು ಒಳಗೆ ತಳ್ಳಿದರೆ ಆಯಿತು. ಮೆಟ್ಟಿಲಿಲ್ಲದೆ ಇಡೀ ಕಟ್ಟೇ ಒಂದು ಕಡೆ ವಾಲಿದ್ದರೆ ಸಿಕ್ಕಿಸಿದ್ದು ಓರೆಯಾಗಿದೆ, ಅಥವಾ ಲಂಗದ ಲಾಡಿ ಸಡಿಲವಾಗಿದೆ. ಸುಮ್ನೆ ಕೆಳಗೆ ಕೂತು ಅಂಚು ಎಳೆಯುವುದರಿಂದ ಯಾವುದೂ ಸರಿಹೋಗುವುದಿಲ್ಲ. ಎಳೆದಷ್ಟು ಹೊತ್ತು ನಿಲ್ಲುತ್ತದೆ, ನಾಲ್ಕು ಹೆಜ್ಜೆ ಹಾಕಿದರೆ ಮತ್ತೆ ಅದೇ ಕತೆ.

ನಾನು ನೆರಿಗೆ ಕಟ್ಟನ್ನು ಪೂರ್ತಿ ಹೊರಗೆ ತೆಗೆದೆ, ಉಳಿದಿದ್ದನ್ನು ಮುಟ್ಟಲಿಲ್ಲ. ನಾದಿನಿ ಮೇಲ್ಗಡೆ ಹಿಡಿದುಕೊಂಡಳು, ನಾನು ಕೆಳಗೆ ಕೂತು ಅಂಚಿಗೆ ಅಂಚು ಸೇರಿಸಿ, ಬಟ್ಟೆ ಒಣಹಾಕುವ ಕ್ಲಿಪ್ ಹಾಕಿದೆ. ಜರಿಗೆ ಗುರುತು ಬೀಳದಂತೆ ನಡುವೆ ಮೆತ್ತನೆ ಬಟ್ಟೆ ತುಂಡು ಇಟ್ಟೆ. ಬಹಳ ಜನ ಮೇಲಿನ ತುದಿ ಸಮ ಮಾಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮೇಲಿನದು ಹೇಗೂ ಲಂಗದೊಳಗೆ ಹೋಗುತ್ತದೆ, ಕಾಣುವುದು ಕೆಳಗಿನದೇ ಅಲ್ವಾ? ಆಮೇಲೆ ಕೈಯಿಂದ ಮೇಲಕ್ಕೆ ನೀವುತ್ತಾ ಬಂದು, ಸಿಕ್ಕಿಸುವ ಜಾಗದಲ್ಲಿ ಎಲ್ಲ ಮಡಿಕೆ ಸೇರಿಸಿ ಒಂದು ಪಿನ್ ಹಾಕಿದೆ. ಪಿನ್ನಿನ ಸುರುಳಿಗೆ ಮೊದಲೇ ಒಂದು ಸಣ್ಣ ಮಣಿ ಪೋಣಿಸಿಕೊಂಡರೆ ರೇಷ್ಮೆ ಅದರಲ್ಲಿ ಸಿಕ್ಕಿ ಹರಿಯುವುದಿಲ್ಲ. ಕಟ್ಟನ್ನು ನೇರವಾಗಿ ಒಳಗೆ ಸಿಕ್ಕಿಸಿದ ಮೇಲೆ ಕ್ಲಿಪ್ ತೆಗೆದೆ.

ನೆರಿಗೆ ಕೆಳಗೆ ಬಿಚ್ಚಿಕೊಂಡು ಹರಡಿದ್ದರೆ ಫೋಟೋವನ್ನು ದೊಡ್ಡದು ಮಾಡಿ ಎಡ ಸೊಂಟ ನೋಡಿ. ಅಲ್ಲಿಂದ ನೆರಿಗೆಯ ಕಡೆಗೆ ಓರೆಯಾಗಿ ಬಿಗಿದ ಗೆರೆಗಳಿದ್ದರೆ ಸೆರಗಿನ ಸುತ್ತು ತುಂಬಾ ಬಿಗಿಯಾಗಿದೆ. ಅಲ್ಲಿ ಒಂದೆರಡು ಬೆರಳಷ್ಟು ಸಡಿಲ ಬಿಟ್ಟರೆ ನೆರಿಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಗೆರೆಗಳೇ ಇಲ್ಲದೆ ಹರಡಿದ್ದರೆ ಅದು ಗಂಜಿ ಹಾಕಿದ ಬಟ್ಟೆಯ ಗುಣ, ಇಸ್ತ್ರಿ ಬಿಟ್ಟರೆ ಬೇರೆ ಉಪಾಯವಿಲ್ಲ.

ಇನ್ನು ಸೆರಗು. ಹಿಂದಿನ ಫೋಟೋದಲ್ಲಿ ಅದರ ತುದಿಯೂ ಹಂತ ಹಂತವಾಗಿತ್ತು. ಎದೆ ಮೇಲೆ ಬಟ್ಟೆ ಜೋತಿದ್ದಾಗ ಅವಳು ಒಂದು ಮಡಿಕೆಯನ್ನು ಹಿಂದಿನಿಂದ ಎಳೆದುಕೊಂಡಿದ್ದಳು. ಮುಂದೆ ಬಿಗಿಯಾಯಿತು, ಹಿಂದೆ ಆ ಮಡಿಕೆ ಅಷ್ಟೇ ಉದ್ದವಾಯಿತು. ಹೆಗಲಿನ ಪಿನ್ ಬಿಚ್ಚಿ, ಸೆರಗಿನ ತುದಿಯನ್ನು ಸಮವಾಗಿ ಜೋಡಿಸಿ ಕ್ಲಿಪ್ ಹಾಕಿದೆ. ಎಲ್ಲ ಮಡಿಕೆಯನ್ನೂ ಒಟ್ಟಿಗೆ ಹಿಡಿದು ಹೆಗಲಿಗೆ ಹಾಕಿ, ರವಿಕೆಗೆ ಸೇರಿಸಿ ಪಿನ್ ಮಾಡಿದೆ. ಮುಂದೆ ಉಳಿದ ಜೋಲನ್ನು ಬಲ ಸೊಂಟದ ಕಡೆ ಸರಿಸಿ, ಹಿಂದೆ ಸ್ವಲ್ಪ ಒಳಗೆ ಸಿಕ್ಕಿಸಿದೆ. ಜೋಲು ತೆಗೆಯಬೇಕಾದ್ದು ಅಲ್ಲೇ, ಹೆಗಲಿನಲ್ಲಲ್ಲ.

ಎರಡನೇ ಸಲ ಫೋಟೋ ತೆಗೆಯುವ ಮುಂಚೆ ಒಮ್ಮೆ ಕೂತು, ಎದ್ದು, ಸ್ವಲ್ಪ ನಡೆದಾಡಿ ಬರಲು ಹೇಳಿದೆ. ನೆರಿಗೆ ಅಲ್ಲಾಡಿರಲಿಲ್ಲ. ಸೆರಗಿನ ಪಿನ್ ಮಾತ್ರ ಮುಂದಕ್ಕೆ ಕಾಣುತ್ತಿತ್ತು, ಅದನ್ನು ಹೆಗಲಿನ ಹಿಂಬದಿಗೆ ಹಾಕಿ ಕಳಿಸಿದೆ.